ಒಂದೇ ಮನೆಯ ಮೂರು ಪ್ರತಿ

ಪ್ರಶ್ನೆ: ನಾವಿರುವುದು ಕೊಚ್ಚಿಯಲ್ಲಿ, ಅಣ್ಣ ತಿರುವನಂತಪುರದಲ್ಲಿ. ಮನೆಮಂದಿಯ ಫೋಟೊಗಳನ್ನು ಎಷ್ಟು ಪ್ರತಿ ಮಾಡಿ ಎಲ್ಲೆಲ್ಲಿ ಇಡಬೇಕು?

ಉತ್ತರ: ಮೂರು ಸಾಕು. ಆದರೆ ಮೂರೂ ಒಂದೇ ಮನೆಯಲ್ಲಿದ್ದರೆ ಲೆಕ್ಕಕ್ಕೆ ಒಂದೇ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವಾದ ಮನೆಗಳಿಗೆ ನೀರು ನುಗ್ಗಿತು. ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ಅಂಥ ನೀರಿಗೆ ಮೇಜಿನ ಲ್ಯಾಪ್‌ಟಾಪೂ ಕೆಳಗಿನ ಡ್ರಾಯರಿನ ಹಾರ್ಡ್ ಡಿಸ್ಕೂ ಒಟ್ಟಿಗೇ ಹೋಗುತ್ತವೆ.

ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಒಂದು, ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಸುಮಾರು 200 ಕಿ.ಮೀ. ದೂರದ ಅಣ್ಣನ ಮನೆಯಲ್ಲಿ ಇನ್ನೊಂದು. ಓಣಂ ರಜೆಗೆ ಹೋಗುವಾಗ ನಿಮ್ಮ ಡಿಸ್ಕಿಗೆ ಹೊಸ ಫೋಟೊ ತುಂಬಿ ಅಲ್ಲಿಟ್ಟು, ಅಲ್ಲಿದ್ದುದನ್ನು ತನ್ನಿ. ಮರಳಿದ ದಿನವೇ ಅದಕ್ಕೂ ತುಂಬಿ.

ನಡುವಿನ ತಿಂಗಳುಗಳಿಗೆ ಗೂಗಲ್ ಫೋಟೋಸ್ ಒಳ್ಳೆಯದೇ. ಆದರೂ ನಾನದನ್ನು ಮೂರರಲ್ಲಿ ಎಣಿಸುವುದಿಲ್ಲ: ಆ ಆ್ಯಪಿನಲ್ಲಿ ಮಗು ಕೈತಪ್ಪಿ ಅಳಿಸಿದ ಫೋಟೊ ಕ್ಲೌಡಿನಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದರೆ 60 ದಿನ ಅದರ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಸಿಗದು.

ಡಿಸ್ಕ್ ಕೆಡುತ್ತಿದೆಯೇ ಎಂಬುದು ಫೋಲ್ಡರಿನ ಹೆಸರು ಕಂಡ ಮಾತ್ರಕ್ಕೆ ಗೊತ್ತಾಗದು. ಹಳೆಯ ಮದುವೆಯ ನಾಲ್ಕಾರು ಫೋಟೊ ದೊಡ್ಡದಾಗಿ ತೆರೆಯಿರಿ, ಒಂದು ವಿಡಿಯೊ ಕೊನೆತನಕ ಓಡಿಸಿ. ಅರ್ಧ ಬೂದು ಬಣ್ಣ ಕಂಡರೆ ಇನ್ನೊಂದು ಪ್ರತಿಯಿಂದ ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳಿ.