ಕಂಬದಲ್ಲಿ 400, ಬೋರಿನಲ್ಲಿ 350

ನಮ್ಮ ಪಕ್ಕದ ತೋಟದವರ ಹಳೆ ಬೋರ್ ಬತ್ತಿತು. ಹೊಸದಕ್ಕೆ ನೀರು ಬಿದ್ದದ್ದು ಅಡಿಕೆ ತೋಟದ ಆ ತುದಿಗೆ, ಕಂಬದಿಂದ 400 ಮೀಟರ್ ದೂರ. 7.5 ಎಚ್‌ಪಿ ಮೋಟರ್ ಅದೇ, 6 ಎಂಎಂ ಅಲ್ಯೂಮಿನಿಯಂ ಕೇಬಲ್ಲೂ ಅದೇ. ಸಾಲದ್ದಕ್ಕೆ ಅದೇ ಸೈಜಿನ ತುಂಡು ಸೇರಿಸಿದರು. ಒಂದೇ ಬೇಸಿಗೆಯಲ್ಲಿ ಎರಡು ಸಲ ವೈಂಡಿಂಗ್ ಸುಟ್ಟಿತು.

‘ಕರೆಂಟೇನೋ ಚೆನ್ನಾಗಿದೆಯಲ್ಲ, ಸ್ಟಾರ್ಟರಿನ ಮೀಟರ್ 400 ತೋರಿಸ್ತದೆ’ ಅಂತ ಅವರ ಗೋಳು. ಮೋಟರ್ ಓಡುವಾಗ ನೋಡಿ ಅಂದೆ. ಮುಳ್ಳು 350ರ ಹತ್ತಿರಕ್ಕೆ ಇಳಿದು ಕೂತಿತು.

ಮೋಟರ್ ನಿಂತಿದ್ದಾಗ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ವೋಲ್ಟೇಜೂ ಸೋರುವುದಿಲ್ಲ. ಓಡತೊಡಗಿದರೆ ಈ ಮೋಟರ್ ಸುಮಾರು 15 ಆಂಪ್ಸ್ ಎಳೆಯುತ್ತದೆ. 6 ಎಂಎಂ ಅಲ್ಯೂಮಿನಿಯಂ ತಂತಿಯ ತಡೆ ಕಿಲೋಮೀಟರಿಗೆ 4.61 ಓಮ್, 400 ಮೀಟರಿಗೆ 1.84. ತ್ರೀ ಫೇಸ್ ಆದ್ದರಿಂದ 1.732 × 15 × 1.84 ಎಂದು ಗುಣಿಸಿದರೆ 48 ವೋಲ್ಟ್ ದಾರಿಯಲ್ಲೇ ಕರಗಿತು ಅಂತ ಲೆಕ್ಕ. ಹಳೆ ಬೋರ್ ಇದ್ದದ್ದು 80 ಮೀಟರಿನಲ್ಲಿ. ಅಲ್ಲಿ ಹೋಗುತ್ತಿದ್ದದ್ದು 10 ವೋಲ್ಟ್ ಕೂಡ ಇಲ್ಲ, ಯಾರ ಗಮನಕ್ಕೂ ಬಂದಿರಲಿಲ್ಲ.

ಮೋಟರಿಗೆ ಬೇಕಾದದ್ದು 415. ಅದರಲ್ಲಿ ನೂರಕ್ಕೆ 15 ಕಡಿಮೆಯಾದರೆ ತಿರುಗಿಸುವ ಬಲ ನೂರಕ್ಕೆ 28ರಷ್ಟು ಕುಸಿಯುತ್ತದೆ. ಆದರೂ ಮೇಲೆತ್ತಬೇಕಾದ ನೀರಿನ ಭಾರ ಇಳಿಯಲಿಲ್ಲವಲ್ಲ! ಮೋಟರ್ ಹೆಚ್ಚು ಆಂಪ್ಸ್ ಎಳೆದು ಆ ಕೊರತೆ ತುಂಬಿಸಿಕೊಳ್ಳುತ್ತದೆ; ವೈಂಡಿಂಗ್ ಕಾಯುತ್ತದೆ. ಸ್ಟಾರ್ಟ್ ಮಾಡುವ ಹೊತ್ತಿಗಂತೂ ಆಂಪ್ಸ್ ಹಲವು ಪಟ್ಟು ಏರುವುದರಿಂದ ಮೋಟರ್ ಗುಂಯ್ ಎಂದು ಅಲ್ಲೇ ಕೂರುವುದುಂಟು. ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತದೆ ಅಂತ ಅದನ್ನು ಮೇಲಕ್ಕೆ ತಿರುಗಿಸಿಟ್ಟರೆ ರೀವೈಂಡಿಂಗ್ ಅಂಗಡಿಗೆ ದಾರಿ ಮಾಡಿದಂತೆ.

16 ಎಂಎಂ ಅಲ್ಯೂಮಿನಿಯಂ ಎಳೆದರೆ ತಡೆ ಕಿಲೋಮೀಟರಿಗೆ 1.91 ಓಮ್‌ಗೆ ಇಳಿದು, ಅದೇ 400 ಮೀಟರಿನಲ್ಲಿ 20 ವೋಲ್ಟ್ ಮಾತ್ರ ಹೋಗುತ್ತದೆ. ನೂರಕ್ಕೆ 5ರ ಒಳಗೇ ಇರಲಿ ಎನ್ನುವ ವಾಡಿಕೆಗೆ ಅದು ಸರಿಹೊಂದುತ್ತದೆ. 10 ಎಂಎಂ ತಾಮ್ರವೂ ಹೆಚ್ಚುಕಡಿಮೆ ಇಷ್ಟೇ ಕೆಲಸ ಮಾಡುತ್ತದೆ, ಆದರೆ ದುಬಾರಿ. ಕಳ್ಳರ ಕಣ್ಣೂ ಅದರ ಮೇಲೇ. ಅಂಗಡಿಯಲ್ಲಿ ‘ಎಂಎಂ’ ಅನ್ನುವುದು ಚದರ ಮಿಲಿಮೀಟರ್ ಲೆಕ್ಕ, ತಂತಿಯ ಅಗಲವಲ್ಲ. ಬೋರಿನೊಳಗೆ ಇಳಿಯುವ ಕೇಬಲ್ಲಿನ ಉದ್ದವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಮೋಟರ್ ಓಡುತ್ತಿರುವಾಗಲೇ ಎಲೆಕ್ಟ್ರಿಷಿಯನ್ ಒಮ್ಮೆ ಕಂಬದ ಬುಡದ ಬೋರ್ಡಿನಲ್ಲಿ, ಒಮ್ಮೆ ಸ್ಟಾರ್ಟರಿನಲ್ಲಿ ವೋಲ್ಟೇಜ್ ಅಳೆಯಲಿ. ನಡುವಿನ ವ್ಯತ್ಯಾಸವಷ್ಟೇ ಕೇಬಲ್ಲಿನದು. ಬೋರ್ಡಿನಲ್ಲೇ 350 ಇದ್ದರೆ ತಕರಾರು ಟಿಸಿಯದೋ ಲೈನಿನದೋ. ದಪ್ಪ ಕೇಬಲ್ ಅದನ್ನು ಸರಿಮಾಡದು. ವ್ಯತ್ಯಾಸ ಲೆಕ್ಕಕ್ಕಿಂತ ತೀರಾ ಹೆಚ್ಚು ಬಂದರೆ ಜಾಯಿಂಟ್‌ಗಳನ್ನು ಹುಡುಕಬೇಕು. ಪಕ್ಕದವರ ತೋಟದಲ್ಲಿ ಮೇನ್ ಆಫ್ ಮಾಡಿ ಬಿಚ್ಚಿಸಿದಾಗ, ಹಳೆ ಕೇಬಲ್ಲಿಗೆ ಹೊಸದನ್ನು ಕೈಯಲ್ಲಿ ಹೊಸೆದು ಟೇಪ್ ಸುತ್ತಿದ್ದ ಕಡೆ ಟೇಪ್ ಕರಗಿ ಕರ್ರಗಾಗಿತ್ತು.