ಒಗ್ಗರಣೆಗೆ ಮೊದಲು ಎತ್ತಿಟ್ಟ ಬೇಳೆ

‘ನನಗೆ ಪದೇ ಪದೇ ಹೊಟ್ಟೆನೋವು ಬರುತ್ತಿದೆ. ಮೆಸ್ಸಿನ ಊಟ ಒಗ್ಗುತ್ತಿಲ್ಲ. ದಯವಿಟ್ಟು ಸಾದಾ ಊಟ ಕೊಡಿಸಬೇಕಾಗಿ ವಿನಂತಿ.’ ಹಾಸ್ಟೆಲ್ ಮಕ್ಕಳು ವಾರ್ಡನ್‌ಗೆ ಬರೆಯುವ ಪತ್ರ ಬಹುತೇಕ ಇಷ್ಟರಲ್ಲೇ ಮುಗಿದುಹೋಗುತ್ತದೆ. ಬರೆದವರ ಸಂಕಟ ನಿಜವೇ. ಆದರೆ ನೂರಾರು ಮಕ್ಕಳಿಗೆ ಒಂದೇ ಒಲೆಯ ಮೇಲೆ ಅಡುಗೆ ಮಾಡಿಸುವ ವಾರ್ಡನ್‌ಗೆ ಇದನ್ನು ಓದಿ ನಾಳೆ ಬೆಳಗ್ಗೆ ಅಡುಗೆಯವರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ‘ಖಾರ ಕಡಿಮೆ ತಿನ್ನಮ್ಮಾ’ ಎಂದು ಹೇಳಿ ಪತ್ರವನ್ನು ಫೈಲಿಗೆ ಸೇರಿಸುತ್ತಾರೆ. ನೋವು ಮುಂದುವರಿಯುತ್ತದೆ.

ಕೆಲಸಕ್ಕೆ ಬರುವ ಪತ್ರ ಬರೆಯಬೇಕಾದರೆ ಮೊದಲು ನೋವಿನ ಗುರುತು ಸಿಗಬೇಕು. ಹಾಸ್ಟೆಲ್ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ ಬರುವ ಉರಿನೋವು. ಜೊತೆಗೆ ಹುಳಿತೇಗು, ಹೊಟ್ಟೆಯುಬ್ಬರ, ಕೆಲವೊಮ್ಮೆ ಓಕರಿಕೆ. ಎಲ್ಲರೂ ‘ಗ್ಯಾಸ್ಟ್ರಿಕ್’ ಎನ್ನುವುದು ಇದನ್ನೇ. ತಪ್ಪೆಲ್ಲ ಮೆಸ್ಸಿನ ಖಾರದ್ದೇ ಎಂದು ಹೇಳುವುದು ಸುಲಭ. ಖಾರವೊಂದೇ ಜಠರದಲ್ಲಿ ಹುಣ್ಣು ಮಾಡುವುದಿಲ್ಲ. ಆದರೆ ಈಗಾಗಲೇ ಕೆರಳಿದ ಹೊಟ್ಟೆಗೆ ಅದು ಉರಿ ಹೆಚ್ಚಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶ ಶಾಖವನ್ನು ಗುರುತಿಸುವ ನರತುದಿಗಳನ್ನೇ ತಟ್ಟುವುದರಿಂದ ಹಾಗಾಗುತ್ತದೆ. ಕರಿದ ಎಣ್ಣೆ ಬೇರೆ ರೀತಿ ಕಾಡುತ್ತದೆ: ಕೊಬ್ಬು ಹೆಚ್ಚಾದಷ್ಟೂ ಜಠರ ಖಾಲಿಯಾಗುವುದು ತಡವಾಗಿ, ಹೊಟ್ಟೆ ಭಾರವಾಗುತ್ತದೆ.

ಊಟದ ಅಂತರವನ್ನು ಯಾರೂ ಲೆಕ್ಕ ಹಾಕುವುದೇ ಇಲ್ಲ. ರಾತ್ರಿ ಎಂಟಕ್ಕೆ ಊಟ ಮಾಡಿದ ಹುಡುಗಿ ಬೆಳಗ್ಗೆ ಕಾಲೇಜಿಗೆ ತಡವಾಯಿತೆಂದು ಒಂದು ಲೋಟ ಟೀ ಕುಡಿದು ಓಡುತ್ತಾಳೆ. ಮತ್ತೆ ತಟ್ಟೆಯ ಮುಂದೆ ಕೂರುವುದು ಮಧ್ಯಾಹ್ನ ಎರಡಕ್ಕೆ. ಅಲ್ಲಿಗೆ 18 ಗಂಟೆ. ನಡುವೆ ತಿಂಗಳ ಹೊಟ್ಟೆನೋವಿಗೆಂದು ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿದ್ದರೆ ಜಠರದ ಒಳಪದರಕ್ಕೆ ಇನ್ನಷ್ಟು ಪೆಟ್ಟು. ಪತ್ರ ಓದುವ ವಾರ್ಡನ್‌ಗೆ ಇವೆರಡೂ ಗೊತ್ತಾಗಬೇಕು, ಏಕೆಂದರೆ ತಿಂಡಿಯ ಹೊತ್ತನ್ನು ಸರಿಪಡಿಸುವುದು ಅವರ ಕೈಯಲ್ಲಿದೆ.

ಆದ್ದರಿಂದ ಬರೆಯುವ ಮುನ್ನ ಒಂದು ವಾರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳಬೇಕು: ಯಾವ ಹೊತ್ತಿಗೆ ನೋವು ಬಂತು, ಅದಕ್ಕೆ ಮೊದಲು ತಿಂದದ್ದೇನು, ತಿಂದ ಮೇಲೆ ನೋವು ಇಳಿಯಿತೋ ಏರಿತೋ. ಹಾಲು ಕುಡಿದ ದಿನವಷ್ಟೇ ಹೊಟ್ಟೆಯುಬ್ಬರ, ಭೇದಿ ಆಗುತ್ತಿದ್ದರೆ ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲ ಎಂಬ ಅನುಮಾನ ಬರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಮೊಸರು, ಮಜ್ಜಿಗೆ ಒಗ್ಗುತ್ತದೆ. ಆ ಪುಟವನ್ನು ಹಿಡಿದುಕೊಂಡೇ ವೈದ್ಯರನ್ನು ಕಾಣಬೇಕು. ನೋವು ಮತ್ತೆ ಮತ್ತೆ ಮರಳುತ್ತಿದ್ದರೆ ಅವರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕಾಗಿ ಮಲ ಅಥವಾ ಉಸಿರಿನ ಪರೀಕ್ಷೆ ಬರೆಯಬಹುದು. ಜಠರದ ಹುಣ್ಣಿಗೆ ಈ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದು ಇದ್ದರೆ ಸಪ್ಪೆ ಊಟವೊಂದರಿಂದ ಗುಣವಾಗದು, ವೈದ್ಯರು ಕೊಟ್ಟ ಆಂಟಿಬಯಾಟಿಕ್ ಪೂರ್ತಿ ಮುಗಿಸಬೇಕು.

ಇನ್ನು ಅಡುಗೆಮನೆಯ ಕಡೆಗೆ ಬರೋಣ. ಒಬ್ಬಳಿಗಾಗಿ ಬೇರೆ ಒಲೆ ಹಚ್ಚುವುದು ಹಾಸ್ಟೆಲ್ಲಿನಲ್ಲಿ ಆಗದ ಮಾತು. ಆದರೆ ಆಗುವ ಕೆಲಸವೊಂದಿದೆ. ಸಾಂಬಾರಿಗೆಂದು ಬೇಳೆ ಬೆಂದು ಮೆತ್ತಗಾದಾಗ, ಹುಣಸೆರಸ, ಸಾಂಬಾರ್ ಪುಡಿ ಬೀಳುವ ಮುನ್ನ, ಒಂದು ಸೌಟು ಬೇಳೆ ಎತ್ತಿಟ್ಟು ಉಪ್ಪು, ಚಿಟಿಕೆ ಅರಿಶಿನ ಹಾಕಿದರೆ ತೊವ್ವೆ ಸಿದ್ಧ. ಅಡುಗೆಯವರಿಗೆ ಎರಡು ನಿಮಿಷದ ಕೆಲಸ. ಚಿತ್ರಾನ್ನ, ಪುಳಿಯೋಗರೆ ಇರುವ ದಿನ ಕಲಸುವ ಮುನ್ನ ಬಿಳಿ ಅನ್ನ ತೆಗೆದಿಟ್ಟರೆ ಸಾಕು. ಇಡ್ಲಿಯ ದಿನ ಚಟ್ನಿ ಬಿಟ್ಟರಾಯಿತು. ತೊಡಕಾಗುವುದು ಉಪ್ಪಿಟ್ಟು ಮತ್ತು ಬಿಸಿಬೇಳೆಬಾತ್‌ನಲ್ಲಿ. ಖಾರ, ಎಣ್ಣೆ ಎಲ್ಲವೂ ಜೊತೆಗೇ ಬೇಯುವುದರಿಂದ ಅದರಲ್ಲಿ ಬೇರೆ ಮಾಡುವುದೇನೂ ಉಳಿಯುವುದಿಲ್ಲ. ಆ ದಿನಗಳಿಗೆ ಬೇರೆ ದಾರಿಯನ್ನು ಪತ್ರದಲ್ಲೇ ಸೂಚಿಸಬೇಕು. ಈ ಭಾಗವನ್ನು ಬರೆಯುವ ಮೊದಲು ಅಡುಗೆಯ ಅಕ್ಕನ ಹತ್ತಿರ ಒಮ್ಮೆ ಮಾತಾಡಿದರೆ ತುಂಬ ಒಳ್ಳೆಯದು. ಬೇಳೆ ಎಷ್ಟು ಹೊತ್ತಿಗೆ ಬೇಯುತ್ತದೆಂದು ವಾರ್ಡನ್‌ಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಇಷ್ಟು ಕೈಯಲ್ಲಿದ್ದರೆ ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳ ಪತ್ರ ಹೀಗಿರಬಹುದು:

ವಿಷಯ: ಹೊಟ್ಟೆನೋವಿನ ನಿಮಿತ್ತ ಮೂರು ವಾರ ಖಾರವಿಲ್ಲದ ಊಟ ಕೋರಿ

ಮಾನ್ಯರೇ,

ಎರಡು ತಿಂಗಳಿಂದ ನನಗೆ ವಾರಕ್ಕೆ ಮೂರ್ನಾಲ್ಕು ಸಲ ಹೊಕ್ಕುಳಿನ ಮೇಲ್ಭಾಗದಲ್ಲಿ ಉರಿನೋವು ಬರುತ್ತಿದೆ. ತಿಂಡಿ ತಪ್ಪಿದ ದಿನ ಹನ್ನೊಂದರ ಸುಮಾರಿಗೆ, ಪುಳಿಯೋಗರೆ ಅಥವಾ ಕರಿದ ಪದಾರ್ಥ ತಿಂದ ದಿನ ಊಟವಾದ ಅರ್ಧ ಗಂಟೆಗೆ ಶುರುವಾಗುತ್ತದೆ. ಕಳೆದ ಶನಿವಾರ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿದ್ದೇನೆ. ತಿಂಡಿಗೆ ಅರ್ಧ ಗಂಟೆ ಮೊದಲು ನುಂಗುವ ಮಾತ್ರೆ ಕೊಟ್ಟು, ಮೂರು ವಾರ ಖಾರ, ಹುಳಿ, ಕರಿದದ್ದು ಬಿಡಲು ಹೇಳಿದ್ದಾರೆ. ಚೀಟಿಯ ಪ್ರತಿ ಲಗತ್ತಿಸಿದ್ದೇನೆ.

ತಮ್ಮಲ್ಲಿ ಮೂರು ಕೋರಿಕೆಗಳಿವೆ. ಸಾಂಬಾರಿಗೆ ಪುಡಿ ಹಾಕುವ ಮುನ್ನ ನನ್ನ ಪಾಲಿನ ಬೇಳೆಯನ್ನು ಎತ್ತಿಡಲು ಅಡುಗೆಯವರಿಗೆ ತಿಳಿಸಬೇಕು. ಉಪ್ಪಿಟ್ಟು, ಬಿಸಿಬೇಳೆಬಾತ್ ಇರುವ ಬುಧವಾರ ಮತ್ತು ಶನಿವಾರ ರಾತ್ರಿಯ ಅನ್ನಕ್ಕೆ ಬದಲಾಗಿ ಬೆಳಗ್ಗೆ ಮಾಡಿದ ಅನ್ನ, ಮಜ್ಜಿಗೆ ಕೊಡಿಸಬೇಕು. ಏಳೂವರೆಗೆ ಕಾಲೇಜಿಗೆ ಹೊರಡುವ ನನಗೆ ಏಳಕ್ಕೇ ತಿಂಡಿ ಸಿಗದಿದ್ದರೆ ಡಬ್ಬಿಗೆ ಹಾಕಿಕೊಳ್ಳಲು ಅನುಮತಿ ಬೇಕು. ಮೂರು ವಾರದ ಬಳಿಕ ವೈದ್ಯರನ್ನು ಮತ್ತೆ ಕಂಡು ಅವರು ಹೇಳಿದ್ದನ್ನು ತಮಗೆ ತಿಳಿಸುತ್ತೇನೆ. ನಮ್ಮ ತಂದೆಯವರಿಗೂ ವಿಷಯ ಗೊತ್ತಿದೆ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ

ಇದರಲ್ಲಿ ಮೆಸ್ಸಿನ ಮೇಲೆ ದೂರಿಲ್ಲ, ಆದರೆ ವಾರ್ಡನ್ ಹೌದೆನ್ನಲು ಬೇಕಾದದ್ದೆಲ್ಲ ಇದೆ. ಮೂರು ವಾರ ಎಂಬ ಗಡುವು ಮುಖ್ಯ. ಕೊನೆಯಿಲ್ಲದ ವಿನಾಯಿತಿ ಕೇಳಿದರೆ ಯಾವ ವಾರ್ಡನ್ನೂ ಹಿಂಜರಿಯುತ್ತಾರೆ. ವೈದ್ಯರ ಚೀಟಿಯೂ ಅಷ್ಟೇ ಮುಖ್ಯ: ನಾಳೆ ಇಲಾಖೆಯ ಅಧಿಕಾರಿ ಬಂದು ಒಬ್ಬಳಿಗೇಕೆ ಬೇರೆ ಊಟ ಎಂದು ಕೇಳಿದರೆ ತೋರಿಸಲು ಅವರಿಗೊಂದು ಕಾಗದ ಬೇಕು. ಡಬ್ಬಿಯ ಕೋರಿಕೆ ಸಣ್ಣದೆನಿಸಿದರೂ ಬಿಡಬಾರದು. ಆ ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟರೆ ಅದರ ಪೂರ್ತಿ ಫಲ ಸಿಗುವುದಿಲ್ಲ.

ಕೆಲವು ನೋವುಗಳಿಗೆ ಮಾತ್ರ ಪತ್ರ ಬರೆದು ಕಾಯುತ್ತ ಕೂರಬಾರದು. ಮಲ ಟಾರಿನಂತೆ ಕಪ್ಪಾಗುವುದು, ವಾಂತಿಯಲ್ಲಿ ರಕ್ತ, ಕಣ್ಣು ಹಳದಿಯಾಗುವುದು, ಜ್ವರದೊಡನೆ ಹೊಟ್ಟೆಯ ಬಲಗಡೆ ಕೆಳಗೆ ಇಳಿದು ನಿಂತ ನೋವು—ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಹನ್ನೆರಡಾದರೂ ವಾರ್ಡನ್ ಬಾಗಿಲು ತಟ್ಟಿ ಆಸ್ಪತ್ರೆಗೆ ಹೋಗಬೇಕು. ‘ಬೆಳಗಾಗಲಿ, ಒಂದು ಗ್ಯಾಸ್ಟ್ರಿಕ್ ಮಾತ್ರೆ ನುಂಗು’ ಎನ್ನುವ ರೂಮ್‌ಮೇಟ್ ಸಲಹೆ ಅಪೆಂಡಿಸೈಟಿಸ್‌ನಲ್ಲಿ ಜೀವಕ್ಕೆ ಅಪಾಯ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನೋವು ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಆ ವಾರವೇ ವೈದ್ಯರನ್ನು ಕಾಣಬೇಕು.

ಮೂರು ವಾರ ಕಳೆದು ಹೊಟ್ಟೆ ಸಮಾಧಾನವಾದ ಮೇಲೆ, ವೈದ್ಯರು ಒಪ್ಪಿದರೆ, ಒಮ್ಮೆಲೇ ಎಲ್ಲವನ್ನೂ ತಿನ್ನಲು ಹೋಗಬಾರದು. ಮೊದಲು ಸಾಂಬಾರು ಸ್ವಲ್ಪ, ಎರಡು ಮೂರು ದಿನ ಬಿಟ್ಟು ಪಲ್ಯ, ಆಮೇಲೆ ಚಿತ್ರಾನ್ನ. ಉಪ್ಪಿನಕಾಯಿ, ಬೋಂಡಾ ಕೊನೆಗೆ. ಯಾವುದಾದರೊಂದು ಸೇರಿಸಿದ ದಿನ ಉರಿ ಮರಳಿದರೆ ಅದನ್ನು ಅದೇ ನೋಟ್‌ಬುಕ್ಕಿನ ಪುಟದಲ್ಲಿ ಬರೆದಿಟ್ಟುಕೊಂಡು, ಆ ಪದಾರ್ಥವನ್ನು ಮತ್ತೊಂದು ವಾರ ಮುಂದಕ್ಕೆ ಹಾಕಬೇಕು.