ಪೈಸೆಯನ್ನು ರೂಪಾಯಿ ಎಂದು ಓದಿದ ಜಾಹೀರಾತು: ಹಣಕಾಸು ವಿಭಾಗಕ್ಕೆ ಬರೆಯಬೇಕಾದ ಪತ್ರ

ಆನ್‌ಲೈನ್‌ನಲ್ಲಿ ಸೀರೆ ಮಾರುವ ಸಣ್ಣ ಕಂಪನಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಜೂನ್ ತಿಂಗಳ ಗೂಗಲ್ ಜಾಹೀರಾತಿಗೆ ಹಣಕಾಸು ವಿಭಾಗ ಮಂಜೂರು ಮಾಡಿದ್ದು 4,50,000 ರೂಪಾಯಿ. ದಿನಕ್ಕೆ 15,000ದ ಲೆಕ್ಕ. ಆದರೆ 10ರಿಂದ 14ನೇ ತಾರೀಕಿನವರೆಗೆ, 75,000 ಆಗಬೇಕಿದ್ದ ಕಡೆ 2,20,000 ಖರ್ಚಾಗಿದೆ. ಮಾರ್ಕೆಟಿಂಗ್ ವಿಭಾಗ ಈಗ ಹಣಕಾಸಿನವರಿಗೆ ಪತ್ರ ಬರೆಯಬೇಕು. ‘ತಾಂತ್ರಿಕ ದೋಷದಿಂದ ಹೀಗಾಯಿತು’ ಎಂಬ ಒಂದು ಸಾಲು ಅವರಿಗೆ ಸಾಲದು. ಎಷ್ಟು ಹೆಚ್ಚಾಯಿತು, ಏಕೆ ಹೆಚ್ಚಾಯಿತು, ವಾಪಸ್ ಬರುವುದು ಎಷ್ಟು, ಮತ್ತೆ ಆಗದಂತೆ ತಡೆಯುವುದು ಯಾವುದು ಎಂಬುದು ಅವರಿಗೆ ಗೊತ್ತಾಗಬೇಕು.

ಮೊದಲು ಬಿಡ್ಡಿಂಗ್ ಎಂದರೇನು ನೋಡೋಣ. ಯಾರಾದರೂ ‘ಇಳಕಲ್ ಸೀರೆ’ ಎಂದು ಹುಡುಕಿದಾಗ, ಆ ಪುಟದ ಜಾಹೀರಾತಿನ ಜಾಗಕ್ಕೆ ಕ್ಷಣಾರ್ಧದಲ್ಲಿ ಹರಾಜು ನಡೆಯುತ್ತದೆ. ಒಂದು ಕ್ಲಿಕ್ಕಿಗೆ ಎಷ್ಟು ಕೊಡಲು ಸಿದ್ಧ ಎಂದು ಪ್ರತಿ ಜಾಹೀರಾತುದಾರರ ಪರವಾಗಿಯೂ ಒಂದು ಬೆಲೆ ಕೂಗಲಾಗುತ್ತದೆ. ಅದೇ ಬಿಡ್. ಈ ಕಂಪನಿ ಬಳಸುತ್ತಿದ್ದ ‘ಟಾರ್ಗೆಟ್ ರೋಆಸ್’ ಎಂಬ ವಿಧಾನದಲ್ಲಿ ಬೆಲೆ ಕೂಗುವುದು ಗೂಗಲ್‌ನ ವ್ಯವಸ್ಥೆಯೇ. ಜಾಹೀರಾತಿಗೆ ಹಾಕಿದ ಪ್ರತಿ ರೂಪಾಯಿಗೆ ಇಷ್ಟು ರೂಪಾಯಿ ಮಾರಾಟ ಬರಬೇಕು ಎಂದು ನಾವು ಹೇಳಿದರೆ ಸಾಕು. ಇಲ್ಲಿ ಗುರಿ ನಾಲ್ಕು ರೂಪಾಯಿ. ಯಾವ ಕ್ಲಿಕ್ಕಿನಿಂದ ಎಷ್ಟು ಮಾರಾಟವಾಯಿತು ಎಂಬ ಸುದ್ದಿಯನ್ನು ವೆಬ್‌ಸೈಟ್‌ನಲ್ಲಿ ಕೂಡಿಸಿದ ಟ್ಯಾಗ್ ಗೂಗಲ್‌ಗೆ ಮುಟ್ಟಿಸುತ್ತದೆ, ಆ ಸುದ್ದಿಯ ಮೇಲೆ ಮುಂದಿನ ಬಿಡ್ ನಿಲ್ಲುತ್ತದೆ.

ತಪ್ಪಾದದ್ದು ಆ ಸುದ್ದಿಯಲ್ಲಿ. ಭಾರತದ ಪೇಮೆಂಟ್ ಗೇಟ್‌ವೇಗಳಲ್ಲಿ ಕೆಲವು ಮೊತ್ತವನ್ನು ಪೈಸೆಯಲ್ಲಿ ದಾಖಲಿಸುತ್ತವೆ. 2,499 ರೂಪಾಯಿಯ ಸೀರೆ ಅಲ್ಲಿ 249900 ಆಗುತ್ತದೆ. 9ರ ರಾತ್ರಿ ವೆಬ್‌ಸೈಟ್‌ನ ಹಣ ಪಾವತಿ ಪುಟವನ್ನು ಹೊಸದಾಗಿ ಬರೆದು ಹಾಕಿದಾಗ, ಆ ಸಂಖ್ಯೆ ನೂರರಿಂದ ಭಾಗವಾಗದೆ ನೇರವಾಗಿ ಟ್ಯಾಗ್‌ಗೆ ಹೋಯಿತು. ಹೋದದ್ದು ಮೊದಲ ಸಾಲು, ಹೋಗಬೇಕಿದ್ದದ್ದು ಎರಡನೆಯದು:

```
value: 249900, currency: 'INR'
value: 2499.00, currency: 'INR'
```

ಪ್ರತಿ ಸೀರೆಯೂ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಎಂದು ವ್ಯವಸ್ಥೆ ನಂಬಿತು. ಇಷ್ಟು ಲಾಭದ ಗಿರಾಕಿಗಳಾದರೆ ಹೆಚ್ಚು ಕೂಗಿದರೂ ಗುರಿ ತಪ್ಪುವುದಿಲ್ಲ ಎಂದು ಬಿಡ್ ಏರಿಸುತ್ತ ಹೋಯಿತು. ಸರಾಸರಿ 9 ರೂಪಾಯಿ ಇದ್ದ ಕ್ಲಿಕ್ 20 ರೂಪಾಯಿಗೆ ಬಂತು. ದಿನದ ಖರ್ಚು 24,000, 41,000, 52,000, 58,000 ಎಂದು ಮೇಲೇರಿ, 14ರ ಮಧ್ಯಾಹ್ನ ನಿಲ್ಲಿಸುವ ಹೊತ್ತಿಗೆ ಆ ದಿನದ್ದೇ 45,000 ಆಗಿತ್ತು.

ಐದು ದಿನ ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಗೂಗಲ್‌ನ ಪರದೆಯ ಮೇಲೆ ಒಂದು ರೂಪಾಯಿಗೆ 150 ರೂಪಾಯಿ ಮಾರಾಟ ಕಾಣುತ್ತಿತ್ತು, ಜಾಹೀರಾತು ಎಂದಿಗಿಂತ ಚೆನ್ನಾಗಿ ನಡೆಯುತ್ತಿದೆ ಎಂದೇ ತೋರುತ್ತಿತ್ತು. ಬದಲಾವಣೆ ಆದದ್ದು ವೆಬ್‌ಸೈಟ್‌ನಲ್ಲಾದ್ದರಿಂದ ಜಾಹೀರಾತು ಖಾತೆಯ ‘ಚೇಂಜ್ ಹಿಸ್ಟರಿ’ಯಲ್ಲೂ ಅದರ ಗುರುತಿರಲಿಲ್ಲ. ಇಂಥ ದೋಷವನ್ನು ಪತ್ತೆ ಹಚ್ಚುವ ದಾರಿ ಒಂದೇ, ಆರ್ಡರ್‌ಗಳ ಸಂಖ್ಯೆಯನ್ನೂ ಮೌಲ್ಯವನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಆರ್ಡರ್ ದಿನಕ್ಕೆ 24ರಿಂದ 26ಕ್ಕೆ ಏರಿದೆ, ಮೌಲ್ಯ ಮಾತ್ರ ನೂರು ಪಟ್ಟು ಜಿಗಿದಿದೆ ಎಂದರೆ ಮಾರಾಟ ಹೆಚ್ಚಿಲ್ಲ, ಅಳತೆಗೋಲು ಕೆಟ್ಟಿದೆ. ಗೇಟ್‌ವೇಯಿಂದ ಬ್ಯಾಂಕಿಗೆ ಜಮೆಯಾದ ಮೊತ್ತ ಅದನ್ನು ಖಚಿತಪಡಿಸುತ್ತದೆ.

ಹಾಗಾದರೆ ಬಜೆಟ್ ಏಕೆ ತಡೆಯಲಿಲ್ಲ? ಹಣಕಾಸಿನವರು ಖಂಡಿತ ಕೇಳುವ ಪ್ರಶ್ನೆ ಇದು, ಪತ್ರದ ತಿರುಳೂ ಇದರಲ್ಲೇ ಇದೆ. ಹಣಕಾಸು ವಿಭಾಗದ ಕಡತದಲ್ಲಿದ್ದ ಬಜೆಟ್ ದಿನಕ್ಕೆ 15,000. ಜಾಹೀರಾತು ಖಾತೆಯಲ್ಲಿದ್ದ ದಿನದ ಬಜೆಟ್ 40,000. ಯುಗಾದಿ ಮಾರಾಟಕ್ಕೆಂದು ಏರಿಸಿದ್ದನ್ನು ಇಳಿಸಿರಲಿಲ್ಲ. ನಾಲ್ಕು ರೂಪಾಯಿಯ ಗುರಿಯೇ ಖರ್ಚನ್ನು 15,000ದ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದರಿಂದ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಆ ಗುರಿ ಹಿಡಿತ ಕಳೆದುಕೊಂಡಾಗ ಎರಡನೇ ತಡೆ ಇರಲೇ ಇಲ್ಲ. ಜೊತೆಗೆ, ಗೂಗಲ್‌ನ ಬಜೆಟ್ ದಿನದ ಸರಾಸರಿ ಮಾತ್ರ. ಸಾಮಾನ್ಯವಾಗಿ ಯಾವುದೇ ಒಂದು ದಿನ ಅದರ ಎರಡು ಪಟ್ಟಿನವರೆಗೆ ಖರ್ಚಾಗಬಹುದು, ತಿಂಗಳಿಗೆ 30.4 ಪಟ್ಟು ಮೀರುವಂತಿಲ್ಲ. ಈ ಮಿತಿ ದಾಟಿದ್ದಕ್ಕಷ್ಟೇ ಗೂಗಲ್ ಹಣ ಕೇಳುವುದಿಲ್ಲ. ಇಲ್ಲಿ ದಿನದ ಮಿತಿ 80,000, ಅತಿ ಹೆಚ್ಚು ಖರ್ಚಾದ ದಿನವೂ 58,000. ಆದ್ದರಿಂದ ಈ ನಿಯಮದಡಿ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ‘ಗೂಗಲ್‌ಗೆ ದೂರು ಕೊಟ್ಟಿದ್ದೇವೆ’ ಎಂದು ಬರೆದು ಬಾರದ ಹಣದ ಆಸೆ ಹುಟ್ಟಿಸಿದರೆ, ಹಣಕಾಸಿನವರ ತಿಂಗಳ ಅಂದಾಜೇ ತಪ್ಪುತ್ತದೆ.

ನಷ್ಟದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಬೇಕು. ಆ ಐದು ದಿನ 3,30,000ದ ಮಾರಾಟವಾಗಿದೆ. ಇಡೀ ಮೊತ್ತವನ್ನು ತೋರಿಸಿ ನಷ್ಟವೇ ಆಗಿಲ್ಲ ಎನ್ನುವ ಮನಸ್ಸಾಗುತ್ತದೆ, ಅದು ಸರಿಯಲ್ಲ. ಮಾಮೂಲಿ 75,000 ಖರ್ಚಿಗೇ 3,00,000 ಬರುತ್ತಿತ್ತು. ಹೆಚ್ಚುವರಿ 1,45,000 ತಂದದ್ದು 30,000ದ ಮಾರಾಟ ಮಾತ್ರ. ಅದರಲ್ಲಿ ಶೇ. 30 ಲಾಭಾಂಶವೆಂದರೆ 9,000. ನಿಜವಾದ ನಷ್ಟ 1,36,000.

ಇಷ್ಟು ಕೈಯಲ್ಲಿದ್ದರೆ ಪತ್ರ ಹೀಗೆ ಬರೆಯಬಹುದು:

> ಮಾನ್ಯರೇ,
>
> ಜೂನ್ 10ರಿಂದ 14ರವರೆಗೆ ಗೂಗಲ್ ಜಾಹೀರಾತಿಗೆ 75,000 ರೂ. ಬದಲು 2,20,000 ರೂ. ಖರ್ಚಾಗಿದೆ. ಹೆಚ್ಚುವರಿ 1,45,000 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ 26,100 ರೂ. ಜಿಎಸ್‌ಟಿಗೆ ನಮ್ಮ ಅರ್ಹತೆಯಂತೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಉಳಿದದ್ದು ಗೂಗಲ್‌ನಿಂದ ವಾಪಸ್ ಬರುವುದಿಲ್ಲ. ಹೆಚ್ಚುವರಿ ಮಾರಾಟದ ಲಾಭ ಕಳೆದು ನಿವ್ವಳ ನಷ್ಟ 1,36,000 ರೂ.
>
> ಕಾರಣ ಎರಡು. ಮಾರಾಟದ ಮೊತ್ತ ರೂಪಾಯಿಯ ಬದಲು ಪೈಸೆಯಲ್ಲಿ ಹೋಗಿ ಬಿಡ್ ಏರಿತು. ಖಾತೆಯ ದಿನದ ಬಜೆಟ್ ಮಂಜೂರಾದದ್ದಕ್ಕಿಂತ ಹೆಚ್ಚಿದ್ದರಿಂದ ಅದು ತಡೆಯಲಿಲ್ಲ.
>
> ಈ ತಿಂಗಳ ಒಟ್ಟು ಖರ್ಚು 14ರ ಕೊನೆಗೆ 3,55,000 ರೂ. ಮಂಜೂರಾದ ಮೊತ್ತದೊಳಗೇ ಉಳಿಯಬೇಕಾದರೆ ಇನ್ನುಳಿದ 16 ದಿನ ದಿನಕ್ಕೆ ಸುಮಾರು 5,900 ರೂ. ಮಾತ್ರ ಸಾಧ್ಯ. ಮೊದಲಿನಂತೆ 15,000 ರೂ. ಮುಂದುವರಿಸಿದರೆ ತಿಂಗಳು 5,95,000ಕ್ಕೆ ಮುಗಿಯುತ್ತದೆ. ಯಾವುದೆಂದು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ 5,900ಕ್ಕೆ ಇಳಿಸಿರುತ್ತೇವೆ.

ಇದರ ಕೆಳಗೆ ಪರಿಹಾರ ಬರಬೇಕು, ಪ್ರತಿಯೊಂದಕ್ಕೂ ಒಬ್ಬರ ಹೆಸರು ಮತ್ತು ತಾರೀಕಿನೊಂದಿಗೆ. ಕೋಡ್‌ನಲ್ಲಿ ನೂರರಿಂದ ಭಾಗಿಸುವುದು ಮೊದಲ ಹೆಜ್ಜೆ, ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ. ವ್ಯವಸ್ಥೆ ಆ ಐದು ದಿನದ ತಪ್ಪು ಪಾಠವನ್ನು ಈಗಾಗಲೇ ಕಲಿತಿರುತ್ತದೆ. ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳಲು ಖಾತೆಯಲ್ಲಿ ‘ಡೇಟಾ ಎಕ್ಸ್‌ಕ್ಲೂಷನ್’ ಇದೆ. ಅದರಲ್ಲಿ ತಾರೀಕು ನಮೂದಿಸುವಾಗ ಕ್ಲಿಕ್ ಆದ ದಿನವನ್ನು ನೋಡಬೇಕು. 8ರಂದು ಕ್ಲಿಕ್ ಮಾಡಿ 10ರಂದು ಕೊಂಡವರೂ ಇರುವುದರಿಂದ ಒಂದೆರಡು ದಿನ ಹಿಂದಿನಿಂದಲೇ ಹಿಡಿಯಬೇಕಾಗಬಹುದು.

ಮುಂದಿನ ರಕ್ಷಣೆಗೆ ಎರಡು ಪದ್ಧತಿ ಸಾಕು. ತಿಂಗಳ ಮೊದಲ ದಿನ ಮಂಜೂರಾದ ಮೊತ್ತವನ್ನೂ ಖಾತೆಯ ಬಜೆಟ್ಟನ್ನೂ ಹಣಕಾಸು ಮತ್ತು ಮಾರ್ಕೆಟಿಂಗ್‌ನ ಒಬ್ಬೊಬ್ಬರು ಒಟ್ಟಿಗೆ ಕೂತು ತಾಳೆ ನೋಡುವುದು. ಪ್ರತಿ ಸೋಮವಾರ ಗೂಗಲ್ ತೋರಿಸುವ ಮಾರಾಟದ ಮೌಲ್ಯವನ್ನು ಗೇಟ್‌ವೇ ಜಮೆಯೊಂದಿಗೆ ಹೋಲಿಸುವುದು. ಗೂಗಲ್ ಜಾಹೀರಾತಿನ ಪಾಲನ್ನಷ್ಟೇ ಎಣಿಸುವುದರಿಂದ ಅದರ ಅಂಕಿ ಜಮೆಗಿಂತ ಕಡಿಮೆ ಇರುವುದು ಸಹಜ. ಅದೇ ಒಟ್ಟು ಜಮೆಯನ್ನೂ ಮೀರಿದ್ದರೆ ಅಂದೇ ಜಾಹೀರಾತು ನಿಲ್ಲಿಸಿ ಟ್ಯಾಗ್ ಪರೀಕ್ಷಿಸಬೇಕು. ಜುಲೈ ಮೊದಲ ವಾರ ಗೂಗಲ್‌ನ ಇನ್ವಾಯ್ಸ್ ಬಂದಾಗ, ಪತ್ರದಲ್ಲಿ ಹೇಳಿದ ಅಂಕಿಗೂ ಅದಕ್ಕೂ ತಾಳೆಯಾಯಿತೇ ಎಂದು ಎರಡು ಸಾಲು ಬರೆದು ಕಳಿಸಿದ ಮೇಲಷ್ಟೇ ಹಣಕಾಸಿನವರು ಈ ಕಡತ ಮುಚ್ಚಬಹುದು.